ಊಟದ ಡಬ್ಬಿಯಲ್ಲಿ ಬೇಳೆ ಎಷ್ಟು?

ಬೆಳಿಗ್ಗೆ ಉಪ್ಪಿಟ್ಟು, ಮಧ್ಯಾಹ್ನ ಡಬ್ಬಿಯಲ್ಲಿ ಚಿತ್ರಾನ್ನ, ಸಂಜೆ ಕಾಫಿಯ ಜೊತೆ ನಾಲ್ಕು ಬಿಸ್ಕತ್ತು, ರಾತ್ರಿ ಅನ್ನ, ತಿಳಿಸಾರು, ಒಂದಿಷ್ಟು ಮೊಸರು. ಬೆಂಗಳೂರಿನ ಕಚೇರಿಗಳಲ್ಲಿ ದುಡಿಯುವ ಎಷ್ಟೋ ಸಸ್ಯಾಹಾರಿಗಳ ದಿನ ಹೀಗೇ ಕಳೆಯುತ್ತದೆ. ಲೆಕ್ಕ ಹಾಕಿ ನೋಡಿದರೆ ಇದು ಸುಮಾರು 1700 ಕ್ಯಾಲೊರಿ, 44 ಗ್ರಾಂ ಪ್ರೋಟೀನ್. ಕೂತು ಕೆಲಸ ಮಾಡುವ 55 ಕೆ.ಜಿ. ತೂಕದ ಮಹಿಳೆಗೆ ದಿನಕ್ಕೆ 1660 ಕ್ಯಾಲೊರಿ, 46 ಗ್ರಾಂ ಪ್ರೋಟೀನ್ ಬೇಕೆಂದು ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆ 2020ರಲ್ಲಿ ಹೇಳಿದೆ. ಹಾಗಾದರೆ ಎಲ್ಲ ಸರಿಯಾಗಿಯೇ ಇದೆಯಲ್ಲ?

ಮೇಲ್ನೋಟಕ್ಕೆ ಹೌದು. ಆದರೆ ಆ 44 ಗ್ರಾಂ ಪ್ರೋಟೀನಿನಲ್ಲಿ ಅರ್ಧಕ್ಕಿಂತ ಹೆಚ್ಚು ಬಂದಿರುವುದು ಅಕ್ಕಿ ಮತ್ತು ರವೆಯಿಂದ. ದೇಹ ತಾನೇ ತಯಾರಿಸಿಕೊಳ್ಳಲಾರದ ಲೈಸಿನ್ ಎಂಬ ಅಮೈನೊ ಆಮ್ಲ ಧಾನ್ಯಗಳಲ್ಲಿ ಕಡಿಮೆ, ಬೇಳೆಕಾಳುಗಳಲ್ಲಿ ಹೇರಳ. ಅನ್ನಕ್ಕೆ ಗಟ್ಟಿ ಬೇಳೆ ಸೇರಿದರೆ ಆ ಕೊರತೆ ತುಂಬುತ್ತದೆ. ತಿಳಿಸಾರಿನಲ್ಲಿ ಒಬ್ಬರ ಪಾಲಿಗೆ ಬರುವುದೋ ಹದಿನೈದು ಗ್ರಾಂ ಬೇಳೆ. ಒಟ್ಟು ಕ್ಯಾಲೊರಿಯಲ್ಲಿ ಧಾನ್ಯದ ಪಾಲು ಶೇ. 45 ಮೀರದಿರಲಿ ಎಂಬುದು ಅದೇ ಸಂಸ್ಥೆ 2024ರಲ್ಲಿ ಕೊಟ್ಟ ಸಲಹೆ. ಮೇಲಿನ ದಿನದಲ್ಲಿ ಅದು ಶೇ. 55ರ ಆಸುಪಾಸು.

ಇದೇ ಮಹಿಳೆಗೆ ಒಂದು ವಾರದ ಊಟ ಹೊಂದಿಸುವುದಾದರೆ, ದಿನವೂ ಬದಲಾಗದ ಭಾಗವನ್ನು ಮೊದಲು ಗಟ್ಟಿ ಮಾಡಿಕೊಳ್ಳುವುದು ಜಾಣತನ. ಎರಡು ಕಾಫಿಗೆಂದು 250 ಮಿ.ಲೀ. ಟೋನ್ಡ್ ಹಾಲು, ಎರಡು ಚಮಚ ಸಕ್ಕರೆ, ಒಂದು ದೊಡ್ಡ ಬಟ್ಟಲು ಮೊಸರು, ಸೊಪ್ಪು-ತರಕಾರಿ ಸೇರಿ 300 ಗ್ರಾಂ, ಒಂದು ಹಣ್ಣು, ಸ್ವಲ್ಪ ತೆಂಗಿನತುರಿ, 20 ಗ್ರಾಂ ಎಣ್ಣೆ. ಇಷ್ಟಕ್ಕೇ ಸುಮಾರು 685 ಕ್ಯಾಲೊರಿ, 21 ಗ್ರಾಂ ಪ್ರೋಟೀನ್ ಆಯಿತು. ಉಳಿದ ಸಾವಿರ ಕ್ಯಾಲೊರಿಯನ್ನು ಧಾನ್ಯ ಮತ್ತು ಕಾಳುಗಳ ನಡುವೆ ಹಂಚಬೇಕು.

ಸೋಮವಾರವನ್ನೇ ಬಿಡಿಸಿ ನೋಡೋಣ. ಬೆಳಿಗ್ಗೆ ನಾಲ್ಕು ಇಡ್ಲಿ. ಅದಕ್ಕೆ ಹಿಡಿಯುವುದು 60 ಗ್ರಾಂ ಅಕ್ಕಿ, 20 ಗ್ರಾಂ ಉದ್ದಿನಬೇಳೆ. ಡಬ್ಬಿಗೆ 75 ಗ್ರಾಂ ಗೋಧಿಹಿಟ್ಟಿನ ಮೂರು ಚಪಾತಿ, 40 ಗ್ರಾಂ ಹೆಸರುಕಾಳನ್ನು ಮೊಳಕೆ ಕಟ್ಟಿ ಮಾಡಿದ ಪಲ್ಯ. ಸಂಜೆ ಬಿಸ್ಕತ್ತಿನ ಜಾಗದಲ್ಲಿ 20 ಗ್ರಾಂ ಹುರಿದ ಕಡಲೆಕಾಯಿ ಬೀಜ. ರಾತ್ರಿ 50 ಗ್ರಾಂ ಅಕ್ಕಿಯ ಅನ್ನ. ಬೆಳಗಿನ ಇಡ್ಲಿಗೂ ರಾತ್ರಿಯ ಅನ್ನಕ್ಕೂ ಒಂದೇ ಸಾಂಬಾರು, ಅದರಲ್ಲಿ ಅವಳ ಪಾಲಿನ ತೊಗರಿಬೇಳೆ 30 ಗ್ರಾಂ. ಅಲ್ಲಿಗೆ ಬೇಳೆಕಾಳು ಒಟ್ಟು 90 ಗ್ರಾಂ. ಅದರಿಂದಲೇ 20 ಗ್ರಾಂ ಪ್ರೋಟೀನ್ ಸಿಕ್ಕಿತು. ಧಾನ್ಯದ ಪಾಲು ಶೇ. 37ಕ್ಕೆ ಇಳಿಯಿತು. ಕ್ಯಾಲೊರಿ ಮಾತ್ರ ಹಳೆಯ ಚಿತ್ರಾನ್ನದ ದಿನದಷ್ಟೇ, 1675.

ಮಂಗಳವಾರ ಬೆಳಿಗ್ಗೆ ಹೆಸರುಬೇಳೆ ದೋಸೆ, ಡಬ್ಬಿಗೆ ಬಿಸಿಬೇಳೆಬಾತ್, ಸಂಜೆ ಕಡಲೆಕಾಯಿ ಬೀಜ, ರಾತ್ರಿ ಮುದ್ದೆ ಮತ್ತು ಸೊಪ್ಪಿನ ಸಾರು. ಬುಧವಾರ ಕಡಲೆಕಾಯಿ ಬೀಜ ಹಾಕಿದ ಅವಲಕ್ಕಿ ಒಗ್ಗರಣೆ, ಚಪಾತಿಯ ಜೊತೆ ಕಡಲೆಕಾಳಿನ ಪಲ್ಯ, ಸಂಜೆ ಹಿಡಿ ಹುರಿಗಡಲೆ, ರಾತ್ರಿ ಅನ್ನ-ಹುಳಿ. ಗುರುವಾರ ಬೆಳಿಗ್ಗೆ ಉಪ್ಪಿಟ್ಟು ಇರಲಿ, ಅದನ್ನು ಬಿಡಬೇಕಾಗಿಲ್ಲ. ಮಧ್ಯಾಹ್ನ ಎರಡು ಜೋಳದ ರೊಟ್ಟಿ, ಹೆಸರುಕಾಳಿನ ಪಲ್ಯ, ಶೇಂಗಾ ಚಟ್ನಿ, ರಾತ್ರಿ ಮತ್ತೆ ಅನ್ನ-ಹುಳಿ. ಉತ್ತರ ಕರ್ನಾಟಕದ ಈ ಡಬ್ಬಿಗೆ ಯಾವ ತಿದ್ದುಪಡಿಯೂ ಬೇಡ. ಆರಿದ ಮೇಲೂ ತಿನ್ನಬಹುದು ಎನ್ನುವುದು ಇನ್ನೊಂದು ಅನುಕೂಲ.

ಶುಕ್ರವಾರ ಸಹೋದ್ಯೋಗಿಗಳ ಜೊತೆ ಹೋಟೆಲಿನಲ್ಲಿ ಮಸಾಲೆ ದೋಸೆ. ಚಟ್ನಿ, ಸಾಂಬಾರು ಸೇರಿಸಿ ಅದಕ್ಕೆ 400 ಕ್ಯಾಲೊರಿ, 15 ಗ್ರಾಂ ಕೊಬ್ಬು ಎಂದು ಅಂದಾಜು ಹಿಡಿಯಬಹುದು. ಬೆಣ್ಣೆ ಸುರಿಯುವ ಹೋಟೆಲಾದರೆ ಇನ್ನೂ ಹೆಚ್ಚು. ಆದ್ದರಿಂದ ಆ ದಿನ ಮನೆ ಅಡುಗೆಯ ಎಣ್ಣೆ ಅರ್ಧಕ್ಕಿಳಿಯುತ್ತದೆ, ತೆಂಗಿನಕಾಯಿಗೆ ರಜೆ. ಮಧ್ಯಾಹ್ನ ಚಪಾತಿಗೆ 25 ಗ್ರಾಂ ಸೋಯಾ ಚಂಕ್ಸ್ ಗೊಜ್ಜು, ಸಂಜೆ ಹುರಿಗಡಲೆ, ರಾತ್ರಿ ಮುದ್ದೆ-ಹುರಳಿಕಾಳು ಸಾರು. ಸೋಯಾದ ತೂಕದಲ್ಲಿ ಅರ್ಧ ಪ್ರೋಟೀನೇ ಆಗಿರುವುದರಿಂದ ವಾರದಲ್ಲೇ ಹೆಚ್ಚು ಪ್ರೋಟೀನ್ ಈ ದಿನ ಸಿಗುತ್ತದೆ.

ಶನಿವಾರ ಅಕ್ಕಿರೊಟ್ಟಿ, ಮಧ್ಯಾಹ್ನ ಅನ್ನ, ಹುಳಿ, ಕೋಸಂಬರಿ, ಸಂಜೆ ಹುರಿಗಡಲೆ, ರಾತ್ರಿ ಎರಡು ಚಪಾತಿಗೆ 50 ಗ್ರಾಂ ಪನೀರ್. ಭಾನುವಾರ ಸೆಟ್ ದೋಸೆ, ಮಧ್ಯಾಹ್ನ ಹಬ್ಬದೂಟದಂತೆ ಅನ್ನ, ಹುಳಿ, ಕೋಸಂಬರಿ ಜೊತೆಗೆ ಹೆಸರುಬೇಳೆ ಪಾಯಸ. ರಾತ್ರಿ ಚಪಾತಿ ಮತ್ತು ಮೊಳಕೆಕಾಳು. ಪಾಯಸದ ಬೆಲ್ಲ, ಕಾಯಿಹಾಲು ಲೆಕ್ಕವನ್ನು ಏರಿಸುತ್ತವೆ. ಅದನ್ನು ಮುಚ್ಚಿಡದೆ ಬರೆದುಕೊಂಡರಾಯಿತು.

| ದಿನ | ಕ್ಯಾಲೊರಿ | ಪ್ರೋಟೀನ್ (ಗ್ರಾಂ) | ಕಾರ್ಬೋಹೈಡ್ರೇಟ್ (ಗ್ರಾಂ) | ಕೊಬ್ಬು (ಗ್ರಾಂ) |
|---|---|---|---|---|
| ಸೋಮ | 1675 | 62 | 242 | 51 |
| ಮಂಗಳ | 1682 | 63 | 245 | 50 |
| ಬುಧ | 1688 | 61 | 244 | 52 |
| ಗುರು | 1647 | 61 | 236 | 51 |
| ಶುಕ್ರ | 1655 | 67 | 250 | 43 |
| ಶನಿ | 1702 | 63 | 241 | 54 |
| ಭಾನು | 1855 | 64 | 285 | 51 |

ವಾರದ ಸರಾಸರಿ ದಿನಕ್ಕೆ 1700 ಕ್ಯಾಲೊರಿ, 63 ಗ್ರಾಂ ಪ್ರೋಟೀನ್. ಪ್ರೋಟೀನ್ ಮತ್ತು ಕಾರ್ಬೋಹೈಡ್ರೇಟಿನ ಪ್ರತಿ ಗ್ರಾಮಿಗೆ 4, ಕೊಬ್ಬಿನ ಪ್ರತಿ ಗ್ರಾಮಿಗೆ 9 ಕ್ಯಾಲೊರಿ ಎಂಬ ರೂಢಿಯ ಸೂತ್ರದಂತೆ ಈ ಲೆಕ್ಕ ನಡೆದಿದೆ. ಊರಿಂದೂರಿಗೆ ಅಕ್ಕಿ, ಬೇಳೆ ಬೇರೆಯಾಗುತ್ತವೆ, ಕೈಯಳತೆಯೂ ಬೇರೆ. ಹಾಗಾಗಿ ಐವತ್ತು ಕ್ಯಾಲೊರಿ ಆಚೀಚೆಯಾದರೆ ತಲೆಕೆಡಿಸಿಕೊಳ್ಳುವ ಅಗತ್ಯವಿಲ್ಲ.

ದೊಡ್ಡ ಎಡವಟ್ಟು ಆಗುವುದು ತೂಕ ಮಾಡುವಲ್ಲಿ. ಇಲ್ಲಿ ಕೊಟ್ಟ ಅಕ್ಕಿ, ಬೇಳೆ, ಹಿಟ್ಟುಗಳೆಲ್ಲ ಬೇಯಿಸುವ ಮೊದಲಿನ ತೂಕ. 100 ಗ್ರಾಂ ಅಕ್ಕಿಯಲ್ಲಿ ಸುಮಾರು 350 ಕ್ಯಾಲೊರಿ ಇದೆ. ಬೆಂದ ಮೇಲೆ ಅದೇ ಅಕ್ಕಿ ನೀರು ಕುಡಿದು ಎರಡೂವರೆ-ಮೂರು ಪಟ್ಟು ತೂಗುತ್ತದೆ. ತಟ್ಟೆಯಲ್ಲಿನ ಅನ್ನವನ್ನು ತೂಗಿ ಅದಕ್ಕೆ ಅಕ್ಕಿಯ ಅಂಕಿ ಹಾಕಿದರೆ, ತಿಂದದ್ದಕ್ಕಿಂತ ಮೂರು ಪಟ್ಟು ಲೆಕ್ಕ ಬರುತ್ತದೆ. ಮನೆಮಂದಿಗೆಲ್ಲ ಒಟ್ಟಿಗೆ ಬೇಯಿಸುವಾಗ ಹಸಿಯದನ್ನೇ ತೂಗಿಟ್ಟುಕೊಂಡು, ಬಡಿಸುವಾಗ ಎಷ್ಟು ಪಾಲು ಎಂದು ಹಂಚುವುದು ಸುಲಭ.

ಎರಡನೆಯದು ಎಣ್ಣೆ. ಒಗ್ಗರಣೆಗೆ ಬಾಟಲಿಯಿಂದಲೇ ಸುರಿಯುವ ಮನೆಯಲ್ಲಿ 20 ಗ್ರಾಂ ಎಂಬುದು ಕಾಗದದ ಮೇಲಷ್ಟೇ ಉಳಿಯುತ್ತದೆ. ಟೀ ಚಮಚದ ತುಂಬ ಎಣ್ಣೆಯೆಂದರೆ ಸುಮಾರು 40 ಕ್ಯಾಲೊರಿ. ಇದನ್ನು ಪತ್ತೆಹಚ್ಚಲು ದಿನವೂ ಅಳೆಯಬೇಕಾಗಿಲ್ಲ, ತಿಂಗಳ ಕೊನೆಗೆ ಖಾಲಿಯಾದ ಪೊಟ್ಟಣಗಳನ್ನು ಎಣಿಸಿದರೆ ಸಾಕು. ದಿನಕ್ಕೆ 20 ಗ್ರಾಮಿನಂತೆ ಒಬ್ಬರಿಗೆ ತಿಂಗಳಿಗೆ ಬೇಕಾಗುವುದು ಮುಕ್ಕಾಲು ಲೀಟರಿಗೂ ಕಡಿಮೆ. ಇಬ್ಬರಿರುವ ಮನೆಯಲ್ಲಿ ಮೂರು ಲೀಟರ್ ಮುಗಿದಿದ್ದರೆ ಮೇಲಿನ ಕೋಷ್ಟಕ ಆ ಮನೆಯದಲ್ಲ. ಕಚೇರಿಯ ಮೂರನೆಯ, ನಾಲ್ಕನೆಯ ಕಾಫಿಯದೂ ಇದೇ ಕಥೆ: 100 ಮಿ.ಲೀ. ಹಾಲು, ಎರಡು ಚಮಚ ಸಕ್ಕರೆಯ ಒಂದು ಲೋಟಕ್ಕೆ 100 ಕ್ಯಾಲೊರಿ.

ಕೋಷ್ಟಕ ಹೇಳದ ಸಂಗತಿಗಳೂ ಇವೆ. ವಿಟಮಿನ್ ಬಿ12 ಕಾಳುಗಳಲ್ಲೂ ತರಕಾರಿಯಲ್ಲೂ ಇಲ್ಲ. ಸಸ್ಯಾಹಾರಿಗೆ ಸಿಗುವುದು ಮುಖ್ಯವಾಗಿ ಹಾಲು-ಮೊಸರಿನಿಂದ, ಅದೂ ಮಿತವಾಗಿ. ಸದಾ ಸುಸ್ತು, ಕೈಕಾಲು ಜುಮ್ಮೆನ್ನುವುದು ಇದ್ದರೆ ರಕ್ತ ಪರೀಕ್ಷೆ ಮಾಡಿಸಿ ವೈದ್ಯರಿಗೆ ತೋರಿಸಬೇಕು. ಊಟದ ಬೆನ್ನಿಗೇ ಕುಡಿದ ಕಾಫಿ ಸೊಪ್ಪಿನ ಕಬ್ಬಿಣಾಂಶ ಮೈಗೆ ಹತ್ತದಂತೆ ತಡೆಯುತ್ತದೆ, ಕೋಸಂಬರಿಗೆ ಹಿಂಡಿದ ನಿಂಬೆರಸ ಹತ್ತಲು ನೆರವಾಗುತ್ತದೆ. ಮೂತ್ರಪಿಂಡದ ತೊಂದರೆ, ಮಧುಮೇಹ ಇರುವವರು ಈ ಅಳತೆಗಳನ್ನು ಹಾಗೆಯೇ ಅನುಸರಿಸಬಾರದು.

ಇದೇ ಅಡುಗೆಯನ್ನು 65 ಕೆ.ಜಿ. ತೂಕದ, ಕೂತು ಕೆಲಸ ಮಾಡುವ ಗಂಡಸಿಗೂ ಬಡಿಸಬಹುದು. ಅವನಿಗೆ ಬೇಕಾದದ್ದು 2110 ಕ್ಯಾಲೊರಿ, ಅಂದರೆ 450 ಹೆಚ್ಚು. ಡಬ್ಬಿಗೆ ಇನ್ನೆರಡು ಚಪಾತಿ, ರಾತ್ರಿ ಇನ್ನು 50 ಗ್ರಾಂ ಅಕ್ಕಿಯ ಅನ್ನ, ಹುಳಿಗೆ ಅವನ ಹೆಸರಿನಲ್ಲಿ ಮತ್ತೆ 30 ಗ್ರಾಂ ತೊಗರಿಬೇಳೆ.