ಗ್ಲೇಜಿನ ಸೀಸ ಆಹಾರಕ್ಕೆ ಇಳಿಯುತ್ತದೆಯೇ?

ಕೆನಡಾದ ಮಾಂಟ್ರಿಯಲ್‌ನಲ್ಲಿ ಪುಟ್ಟ ಮಗುವೊಂದು ಸೀಸದ ವಿಷದಿಂದ ಸತ್ತ ಪ್ರಕರಣ 1970ರಲ್ಲಿ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವಾಯಿತು. ಮಗು ಕುಡಿಯುತ್ತಿದ್ದದ್ದು ಸೇಬಿನ ರಸ. ಅದನ್ನು ತುಂಬಿಡುತ್ತಿದ್ದದ್ದು ಕೈಯಲ್ಲಿ ಮಾಡಿದ, ಗ್ಲೇಜ್ ಹಚ್ಚಿದ ಮಣ್ಣಿನ ಹೂಜಿಯಲ್ಲಿ. ರಸದ ಹುಳಿ ಗ್ಲೇಜಿನಲ್ಲಿದ್ದ ಸೀಸವನ್ನು ಬಿಡಿಸಿಕೊಂಡಿತ್ತು.

ಪಿಂಗಾಣಿಯ ಮೇಲಿನ ಗ್ಲೇಜ್ ಎಂದರೆ ತೆಳುವಾದ ಗಾಜಿನ ಪದರ. ಮರಳಿನ ಅಂಶ ಕಡಿಮೆ ಶಾಖದಲ್ಲೇ ಕರಗಿ ಹರಿಯಲಿ, ಕಣ್ಸೆಳೆಯುವ ಹೊಳಪು ಬರಲಿ ಎಂದು ಕುಶಲಕರ್ಮಿಗಳು ಅದಕ್ಕೆ ಸೀಸದ ಆಕ್ಸೈಡ್ ಬೆರೆಸುವ ಪದ್ಧತಿ ಬಹಳ ಹಳೆಯದು. ಮೆಕ್ಸಿಕೊದ ಹಳ್ಳಿಗಳಲ್ಲಿ ‘ಗ್ರೆಟಾ’ ಎಂದು ಕರೆಯುವ ಸೀಸದ ಗ್ಲೇಜನ್ನು ಹಚ್ಚಿ ಸೌದೆಯ ಆವಿಗೆಯಲ್ಲಿ ಸುಡುವ ಪಾತ್ರೆಗಳು ಇದರ ಪ್ರಸಿದ್ಧ ಉದಾಹರಣೆ. ಮಿಶ್ರಣ ಸರಿಯಾಗಿದ್ದು ಪೂರಾ ಬೆಂದರೆ ಸೀಸ ಗಾಜಿನ ಜಾಲದೊಳಗೆ ಬಿಗಿಯಾಗಿ ಕೂರುತ್ತದೆ. ಅರೆಬೆಂದರೆ ಕೂರುವುದಿಲ್ಲ. ಹಸಿರು ಬಣ್ಣಕ್ಕೆಂದು ತಾಮ್ರದ ಆಕ್ಸೈಡ್ ಸೇರಿಸಿದರಂತೂ ಸೀಸದ ಹಿಡಿತ ಇನ್ನೂ ಸಡಿಲ. ಹಾಗಾಗಿ ಪಾತ್ರೆಯಲ್ಲಿ ಸೀಸ ಇದೆಯೇ ಎಂದು ಕೇಳಿದರೆ ಸಾಲದು, ಎಷ್ಟು ಹೊರಗೆ ಬರುತ್ತದೆ ಎಂದು ಕೇಳಬೇಕು. ಅಸಿಟಿಕ್ ಆಮ್ಲದ ಪರೀಕ್ಷೆ ಅಳೆಯುವುದು ಇದನ್ನೇ.

ವಿನೆಗರ್‌ಗೆ ಹುಳಿ ಕೊಡುವುದು ಇದೇ ಆಮ್ಲ. ಪ್ರಯೋಗಾಲಯದಲ್ಲಿ 40 ಮಿಲಿಲೀಟರ್ ಶುದ್ಧ ಅಸಿಟಿಕ್ ಆಮ್ಲಕ್ಕೆ ಡಿಸ್ಟಿಲ್ಡ್ ವಾಟರ್ ಬೆರೆಸಿ ಒಂದು ಲೀಟರ್ ಮಾಡುತ್ತಾರೆ. ಇದು ಶೇ 4ರ ದ್ರಾವಣ, ಅಡುಗೆಮನೆಯ ವಿನೆಗರ್‌ನಷ್ಟೇ ಹುಳಿ. ಪಾತ್ರೆಯನ್ನು ಸೋಪಿನಿಂದ ತೊಳೆದು, ಡಿಸ್ಟಿಲ್ಡ್ ವಾಟರ್‌ನಲ್ಲಿ ಜಾಲಾಡಿ ಒಣಗಿಸುತ್ತಾರೆ. ಅಂಚಿಗಿಂತ ಆರೇಳು ಮಿಲಿಮೀಟರ್ ಕೆಳಗಿನವರೆಗೆ ದ್ರಾವಣ ತುಂಬಿ, ಆವಿಯಾಗದಂತೆ ಗಾಜಿನಿಂದ ಮುಚ್ಚಿ, 22 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ 24 ಗಂಟೆ ಬಿಡುತ್ತಾರೆ. ಶಾಖ ಏರಿದರೆ ಸೀಸ ಹೆಚ್ಚು ಇಳಿಯುವುದರಿಂದ ಉಷ್ಣಾಂಶದ ಶಿಸ್ತು ಮುಖ್ಯ. ಮರುದಿನ ದ್ರಾವಣವನ್ನು ಚೆನ್ನಾಗಿ ಕಲಕಿ, ಅದರಿಂದ ಸ್ವಲ್ಪ ತೆಗೆದು ಅಟಾಮಿಕ್ ಅಬ್ಸಾರ್ಪ್ಷನ್ ಉಪಕರಣಕ್ಕೆ ಕೊಡುತ್ತಾರೆ. ಸೀಸವಿಲ್ಲದ ಗಾಜಿನ ಬೀಕರ್‌ನಲ್ಲೂ ಅದೇ ದ್ರಾವಣವನ್ನು ಅಷ್ಟೇ ಹೊತ್ತು ಇಟ್ಟಿರುತ್ತಾರೆ. ಆ ಬೀಕರ್‌ನಲ್ಲೂ ಸೀಸ ಕಂಡರೆ ದೋಷ ಪಾತ್ರೆಯದಲ್ಲ, ಆಮ್ಲದ್ದೋ ನೀರಿನದ್ದೋ ಇರಬೇಕು.

ಒಂದೇ ಬಗೆಯ ಆರು ಪಾತ್ರೆಗಳನ್ನು ಪರೀಕ್ಷಿಸುವುದು ರೂಢಿ. ಉದಾಹರಣೆಗೆ, ಆರು ಕಾಫಿ ಕಪ್‌ಗಳಲ್ಲಿ ಲೀಟರಿಗೆ 0.1, 0.1, 0.2, 0.1, 0.2 ಮತ್ತು 0.9 ಮಿಲಿಗ್ರಾಂ ಸೀಸ ಬಂತು ಎನ್ನೋಣ. ಸರಾಸರಿ ಸುಮಾರು 0.27. ಕಪ್‌ಗಳಿಗೆ ಅಮೆರಿಕದ ಆಹಾರ ಮತ್ತು ಔಷಧ ಆಡಳಿತ ಇಟ್ಟಿರುವ ಮಿತಿ ಲೀಟರಿಗೆ 0.5 ಮಿಲಿಗ್ರಾಂ. ಸರಾಸರಿ ನೋಡಿದರೆ ಪಾಸು. ಆದರೆ ಕಪ್‌ಗಳ ನಿಯಮದಲ್ಲಿ ಆರರಲ್ಲಿ ಯಾವ ಒಂದೂ ಮಿತಿ ದಾಟುವಂತಿಲ್ಲ. 0.9 ಬಂದ ಆ ಒಂದು ಕಪ್ಪಿನಿಂದ ಇಡೀ ಸರಕು ಫೇಲು. ನನ್ನ ಮಟ್ಟಿಗೆ ಇದು ನ್ಯಾಯವಾದ ನಿಯಮ, ಏಕೆಂದರೆ ಕುಡಿಯುವವರು ಸರಾಸರಿ ಕಪ್ಪಿನಲ್ಲಿ ಕುಡಿಯುವುದಿಲ್ಲ. ದಿನವೂ ಆ ಆರನೆಯ ಕಪ್ಪೇ ಒಬ್ಬರ ಪಾಲಿಗೆ ಬಂದಿರಬಹುದು. ಒಂದೇ ಆವಿಗೆಯಲ್ಲಿ ಬೆಂದ ಕಪ್‌ಗಳಲ್ಲಿ ಇಷ್ಟು ವ್ಯತ್ಯಾಸ ಬರುವುದೂ ಅಸಹಜವಲ್ಲ. ಉರಿ ಸರಿಯಾಗಿ ತಲುಪದ ಮೂಲೆಯಲ್ಲಿದ್ದದ್ದು ಅರೆಬೆಂದಿರುತ್ತದೆ.

ಪರೀಕ್ಷೆ ದಾರಿ ತಪ್ಪಿಸುವ ಸಂದರ್ಭಗಳೂ ಇವೆ. ಒಮ್ಮೆ ಆಮ್ಲದಲ್ಲಿ ನೆನೆದ ಪಾತ್ರೆಯನ್ನು ಮತ್ತೆ ಪರೀಕ್ಷಿಸಿದರೆ ಸಾಮಾನ್ಯವಾಗಿ ಕಡಿಮೆ ಅಂಕಿ ಬರುತ್ತದೆ, ಮೇಲ್ಪದರದ ಸಡಿಲ ಸೀಸ ಮೊದಲ ದಿನವೇ ಹೋಗಿರುತ್ತದೆ. ಹಾಗಾಗಿ ಮಾದರಿ ಹೊಸದೇ ಆಗಿರಬೇಕು. ಗ್ಲೇಜಿನ ಮೇಲೆ ಬರೆದ ಹೂಬಳ್ಳಿ ಕಪ್ಪಿನ ಹೊರಗೆ, ತುಟಿ ತಾಗುವ ಅಂಚಿನಲ್ಲಿದ್ದರೆ ಒಳಗೆ ತುಂಬಿದ ದ್ರಾವಣ ಅದನ್ನು ಮುಟ್ಟುವುದೇ ಇಲ್ಲ. ಅದಕ್ಕೆ ಅಂಚನ್ನು ಆಮ್ಲದಲ್ಲಿ ಮುಳುಗಿಸುವ ಬೇರೆ ವಿಧಾನವಿದೆ. ಇನ್ನು, ತಣ್ಣನೆಯ ಆಮ್ಲದ ಒಂದು ದಿನ ಎಂದರೆ ಬಿಸಿ ಹುಳಿಸಾರಿಗೂ, ತಿಂಗಳುಗಟ್ಟಲೆ ಭರಣಿಯಲ್ಲಿ ಕೂರುವ ನಿಂಬೆ ಉಪ್ಪಿನಕಾಯಿಗೂ ಸಮನಲ್ಲ.

ಮನೆಯಲ್ಲಿ ಪಾತ್ರೆಯ ಒಳಗೆ ನಿಂಬೆಹೋಳನ್ನೋ ವಿನೆಗರನ್ನೋ ರಾತ್ರಿಯಿಡೀ ಇಟ್ಟು ನೋಡಬಹುದು. ಬೆಳಗ್ಗೆ ಹೊಳಪು ಮಂಕಾಗಿದ್ದರೆ, ಬಣ್ಣ ಬದಲಾಗಿದ್ದರೆ ಆ ಗ್ಲೇಜ್ ಹುಳಿಯನ್ನು ತಾಳುವುದಿಲ್ಲ ಎಂದು ತಿಳಿಯಿರಿ. ಏನೂ ಬದಲಾಗದಿದ್ದರೆ ಮಾತ್ರ ನಿಶ್ಚಿಂತರಾಗಬೇಡಿ, ಕಣ್ಣಿಗೆ ಕಾಣುವಷ್ಟು ಗ್ಲೇಜ್ ಕೆಡುವ ಮೊದಲೇ ಸೀಸ ಇಳಿದಿರಬಹುದು. ಅಂಗಡಿಯಲ್ಲಿ ಸಿಗುವ, ಒರೆಸಿದರೆ ಬಣ್ಣ ತಿರುಗುವ ಕಡ್ಡಿಗಳೂ ಎಷ್ಟು ಸೀಸ ಇಳಿಯುತ್ತದೆ ಎಂಬುದನ್ನು ಹೇಳಲಾರವು. ನೋಡಿದ ನಿಂಬೆಯನ್ನೂ ವಿನೆಗರನ್ನೂ ಚೆಲ್ಲಿಬಿಡಿ. ಎಲ್ಲಿಂದ ಬಂತೆಂದು ತಿಳಿಯದ, ಗಾಢ ಬಣ್ಣದ ಹಳೆಯ ಪಾತ್ರೆಯಲ್ಲಿ ಉಪ್ಪಿನಕಾಯಿ, ಮೊಸರು, ಹಣ್ಣಿನ ರಸ ಇಡಬೇಡಿ. ಮಾರಾಟಕ್ಕೆ ಮಾಡುವವರಾದರೆ ಪ್ರತಿ ಹೊಸ ಗ್ಲೇಜಿಗೂ, ಸುಡುವ ಕ್ರಮ ಬದಲಾದಾಗಲೂ ಆರು ಪಾತ್ರೆಗಳನ್ನು ಮಾನ್ಯತೆ ಪಡೆದ ಪ್ರಯೋಗಾಲಯಕ್ಕೆ ಕಳುಹಿಸಿ, ಸರಾಸರಿಯೊಂದನ್ನೇ ಅಲ್ಲ, ಆರರ ಅಂಕಿಗಳನ್ನೂ ಕೇಳಿ ಪಡೆಯಿರಿ.