ಚಿಕ್ಕ ಕೆಲಸಕ್ಕೆ ಮೊದಲ ಸರದಿ

ಯಂತ್ರವೊಂದೇ ಇದ್ದು, ಅದರಿಂದ ಕೆಲಸ ಮಾಡಿಸಿಕೊಳ್ಳಬೇಕಾದವರು ಹಲವರಿದ್ದರೆ ಅಲ್ಲಿ ಸಾಲೊಂದು ಏರ್ಪಡುವುದು ಸಹಜ. ಆ ಸಾಲಿನಲ್ಲಿ ಯಾರ ಕೆಲಸ ಮೊದಲು ಆಗಬೇಕು? ಮೊದಲು ಬಂದವರದು ಎಂದು ನಾವೆಲ್ಲರೂ ಥಟ್ಟನೆ ಹೇಳಿಬಿಡುತ್ತೇವೆ. ಈ ಉತ್ತರದಲ್ಲಿ ನ್ಯಾಯವಿದೆ, ಜಗಳಕ್ಕೆ ಆಸ್ಪದವಿಲ್ಲ. ಆದರೆ ಸಾಲಿನಲ್ಲಿ ನಿಂತವರೆಲ್ಲರೂ ಒಟ್ಟಾಗಿ ಕಳೆದುಕೊಳ್ಳುವ ವೇಳೆ ಎಷ್ಟೆಂದು ಲೆಕ್ಕ ಹಾಕಿದರೆ, ಈ ಕ್ರಮವು ಕೆಲವೊಮ್ಮೆ ಬಹಳ ದುಬಾರಿಯಾದುದೆಂದು ತಿಳಿದುಬರುತ್ತದೆ.

ಒಂದು ಹಿಟ್ಟಿನ ಗಿರಣಿಯನ್ನು ಕಲ್ಪಿಸಿಕೊಳ್ಳೋಣ. ಬೆಳಗ್ಗೆ ಬಾಗಿಲು ತೆರೆಯುವ ವೇಳೆಗೆ ಐದು ಮಂದಿ ರಾಗಿ ತಂದು ನಿಂತಿದ್ದಾರೆ. ಮೊದಲನೆಯವರು ಮದುವೆಯ ಮನೆಯವರು. ಅವರ ಮೂಟೆಯನ್ನು ಬೀಸಲು 24 ನಿಮಿಷ ಬೇಕು. ಅವರ ಹಿಂದೆ ನಿಂತ ನಾಲ್ವರ ರಾಗಿಗೆ ಕ್ರಮವಾಗಿ 3, 10, 2 ಮತ್ತು 6 ನಿಮಿಷಗಳು ಬೇಕು. ಕೆಲಸದ ಮೊತ್ತ 45 ನಿಮಿಷ.

ಬಂದ ಕ್ರಮದಲ್ಲಿಯೇ ಬೀಸಿದರೆ ಮೊದಲನೆಯವರು ಕಾಯಬೇಕಾಗಿಲ್ಲ. ಎರಡನೆಯವರು 24 ನಿಮಿಷ, ಮೂರನೆಯವರು 27, ನಾಲ್ಕನೆಯವರು 37, ಐದನೆಯವರು 39 ನಿಮಿಷ ಕಾಯುತ್ತಾರೆ. ಇವೆಲ್ಲವನ್ನೂ ಕೂಡಿದರೆ 127 ನಿಮಿಷ. ಸರಾಸರಿ ಒಬ್ಬೊಬ್ಬರಿಗೆ 25.4 ನಿಮಿಷ. ಎರಡೇ ನಿಮಿಷದ ಕೆಲಸವಿದ್ದವರು ಅದಕ್ಕಾಗಿ 37 ನಿಮಿಷ ನಿಲ್ಲಬೇಕಾಯಿತೆಂಬುದನ್ನು ಗಮನಿಸಬೇಕು.

ಈಗ ಗಿರಣಿಯವನು ಸಾಲನ್ನು ಬದಲಿಸಿ, ಕಡಮೆ ವೇಳೆ ಹಿಡಿಯುವ ಕೆಲಸವನ್ನು ಮೊದಲು ಕೈಗೆತ್ತಿಕೊಳ್ಳಲಿ. ಆಗ ಕ್ರಮವು 2, 3, 6, 10, 24 ಎಂದಾಗುತ್ತದೆ. ಕಾಯುವ ವೇಳೆಗಳು 0, 2, 5, 11, 21 ನಿಮಿಷಗಳು. ಅವುಗಳ ಮೊತ್ತ ಕೇವಲ 39, ಸರಾಸರಿ 7.8 ನಿಮಿಷ. ಯಂತ್ರ ಅದೇ, ರಾಗಿಯೂ ಅಷ್ಟೇ. ಎರಡು ಕ್ರಮಗಳಲ್ಲಿಯೂ ಕೊನೆಯ ಹಿಟ್ಟು ಹೊರಬೀಳುವುದು 45ನೆಯ ನಿಮಿಷಕ್ಕೇ. ಕೆಲಸದಲ್ಲಿ ಒಂದು ನಿಮಿಷವೂ ಉಳಿತಾಯವಾಗಲಿಲ್ಲ. ಹಾಗಾದರೆ ಕಾಯುವವರಿಗೆ ಉಳಿದ ಆ 88 ನಿಮಿಷಗಳು ಎಲ್ಲಿಂದ ಬಂದವು?

ಉತ್ತರ ಸರಳವಾಗಿದೆ. ಮೊದಲು ನಡೆಯುವ ಕೆಲಸದ ವೇಳೆಯನ್ನು ಅದರ ಹಿಂದಿರುವ ನಾಲ್ವರೂ ಕಾಯಬೇಕು. ಎರಡನೆಯದರ ವೇಳೆಯನ್ನು ಮೂವರು, ಮೂರನೆಯದರ ವೇಳೆಯನ್ನು ಇಬ್ಬರು, ನಾಲ್ಕನೆಯದರ ವೇಳೆಯನ್ನು ಒಬ್ಬರು ಕಾಯಬೇಕು. ಕೊನೆಯ ಕೆಲಸಕ್ಕಾಗಿ ಯಾರೂ ಕಾಯುವುದಿಲ್ಲ. ಎಂದರೆ, ಒಂದು ಕೆಲಸವು ಎಷ್ಟು ಮಂದಿಯ ಮುಂದೆ ನಿಲ್ಲುವುದೋ ಅಷ್ಟು ಸಲ ಅದರ ವೇಳೆ ಲೆಕ್ಕಕ್ಕೆ ಸೇರುತ್ತದೆ. ಬಂದ ಕ್ರಮದಲ್ಲಿ 24 ನಿಮಿಷವು ನಾಲ್ಕು ಸಲ ಸೇರಿ 96 ಆಯಿತು. ಬದಲಾದ ಕ್ರಮದಲ್ಲಿ ಅದು ಒಂದು ಸಲವೂ ಸೇರಲಿಲ್ಲ. ನಾಲ್ಕು ಸಲ ಸೇರಿದ್ದು 2 ನಿಮಿಷ ಮಾತ್ರ. ಬಹು ಮಂದಿ ಹೊರಬೇಕಾದ ಹೊರೆ ಹಗುರವಾಗಿರಲಿ ಎಂಬುದೇ ಇಲ್ಲಿಯ ಗುಟ್ಟು.

ಇದಕ್ಕಿಂತಲೂ ಉತ್ತಮವಾದ ಕ್ರಮವೊಂದು ಇರಬಹುದೇ ಎಂಬ ಸಂದೇಹ ಓದುಗರಿಗೆ ಬರಬಹುದು. ಇಲ್ಲವೆಂಬುದನ್ನು ಹೀಗೆ ಸಾಧಿಸಬಹುದು. ಯಾವುದೋ ಒಂದು ಸಾಲಿನಲ್ಲಿ ದೊಡ್ಡ ಕೆಲಸವೊಂದರ ಬೆನ್ನಿಗೇ ಚಿಕ್ಕ ಕೆಲಸವೊಂದು ಇದೆಯೆಂದು ಇಟ್ಟುಕೊಳ್ಳಿ. ಇವೆರಡರ ಸ್ಥಾನಗಳನ್ನು ಅದಲುಬದಲು ಮಾಡಿದರೆ ಅವುಗಳ ಹಿಂದಿನವರಿಗಾಗಲಿ ಮುಂದಿನವರಿಗಾಗಲಿ ಏನೂ ವ್ಯತ್ಯಾಸವಾಗದು. ಚಿಕ್ಕ ಕೆಲಸದವರಿಗೆ ದೊಡ್ಡ ಕೆಲಸದಷ್ಟು ವೇಳೆ ಲಾಭ. ದೊಡ್ಡ ಕೆಲಸದವರಿಗೆ ಚಿಕ್ಕ ಕೆಲಸದಷ್ಟು ವೇಳೆ ನಷ್ಟ. ನಷ್ಟಕ್ಕಿಂತ ಲಾಭವೇ ಹೆಚ್ಚು. ಆದುದರಿಂದ ಇಂಥ ಜೋಡಿ ಒಂದಾದರೂ ಇರುವವರೆಗೆ ಸಾಲನ್ನು ಇನ್ನೂ ಸುಧಾರಿಸಬಹುದು. ಅಂಥ ಜೋಡಿಯೇ ಇಲ್ಲದ ಸಾಲೆಂದರೆ ಚಿಕ್ಕದರಿಂದ ದೊಡ್ಡದಕ್ಕೆ ಏರುವ ಸಾಲು, ಅದೇ ಅತ್ಯುತ್ತಮವಾದುದು.

ಈ ವಾದದಲ್ಲಿ ಎಲ್ಲರ ನಿಮಿಷಕ್ಕೂ ಒಂದೇ ಬೆಲೆಯೆಂದು ಭಾವಿಸಿದ್ದೇವೆ. ಹಾಗಿಲ್ಲದಿದ್ದರೆ, ಪ್ರತಿಯೊಂದು ಕೆಲಸದ ವೇಳೆಯನ್ನು ಅದರ ತುರ್ತಿನ ಬೆಲೆಯಿಂದ ಭಾಗಿಸಿ, ಭಾಗಲಬ್ಧ ಕಡಮೆ ಇರುವುದನ್ನು ಮೊದಲು ಮಾಡಬೇಕೆಂದು ಡಬ್ಲ್ಯು. ಇ. ಸ್ಮಿತ್ ಅವರು 1956ರಲ್ಲಿ ತೋರಿಸಿಕೊಟ್ಟರು.

ಗಿರಣಿಯ ಉದಾಹರಣೆಯಲ್ಲಿ ಐವರೂ ಒಟ್ಟಿಗೆ ಬಂದಿದ್ದರು. ನಿಜವಾದ ಸಾಲಿಗೆ ಹೊಸಬರು ಸೇರುತ್ತಲೇ ಇರುತ್ತಾರೆ. ದೊಡ್ಡ ಮೂಟೆಯನ್ನು ಬೀಸತೊಡಗಿ ಒಂದು ನಿಮಿಷವಾದ ಮೇಲೆ ಎರಡು ನಿಮಿಷದ ಕೆಲಸವುಳ್ಳವರೊಬ್ಬರು ಬಂದರೆಂದು ಭಾವಿಸೋಣ. ಮೂಟೆಗೆ ಇನ್ನೂ 23 ನಿಮಿಷ ಬೇಕು. ಅದನ್ನು ನಿಲ್ಲಿಸಿ ಚಿಕ್ಕದನ್ನು ಮುಗಿಸಿಕೊಟ್ಟರೆ ಒಬ್ಬರಿಗೆ 2 ನಿಮಿಷ ನಷ್ಟ, ಇನ್ನೊಬ್ಬರಿಗೆ 23 ನಿಮಿಷ ಲಾಭ. ಆದ್ದರಿಂದ ಕೆಲಸದ ಪೂರ್ಣ ವೇಳೆಯನ್ನಲ್ಲ, ಇನ್ನು ಉಳಿದಿರುವ ವೇಳೆಯನ್ನು ಹೋಲಿಸಿ ನೋಡಬೇಕು. ಕೆಲಸಗಳು ಯಾವಾಗ ಬಂದರೂ ಈ ಕ್ರಮವೇ ಅತ್ಯುತ್ತಮವೆಂದು ಲೈನಸ್ ಶ್ರಾಗೆ ಅವರು 1968ರಲ್ಲಿ ಸಾಧಿಸಿದರು. ಗಿರಣಿಯಲ್ಲಿ ಅರ್ಧ ಬೀಸಿದ ಮೂಟೆಯನ್ನು ಹೊರಗೆ ತೆಗೆಯುವುದು ಕಷ್ಟ. ಆದರೆ ಕಂಪ್ಯೂಟರು ಒಂದು ಕೆಲಸವನ್ನು ನಡುವೆ ನಿಲ್ಲಿಸಿ, ಅದು ಎಲ್ಲಿಗೆ ಬಂದಿತ್ತೆಂಬುದನ್ನು ಗುರುತಿಟ್ಟುಕೊಂಡು, ಮತ್ತೊಂದನ್ನು ಹಿಡಿಯಬಲ್ಲುದು.

ಆದರೆ ಕಂಪ್ಯೂಟರಿಗೆ ಬೇರೆಯೇ ಒಂದು ತೊಡಕುಂಟು. ಮೂಟೆಯ ಗಾತ್ರವನ್ನು ಗಿರಣಿಯವನು ಕಣ್ಣಿನಿಂದಲೇ ಅಳೆಯಬಲ್ಲನು. ತನ್ನ ಮುಂದೆ ಬಂದ ಲೆಕ್ಕ ಎಷ್ಟು ಹೊತ್ತು ಹಿಡಿಯುವುದೆಂದು ಕಂಪ್ಯೂಟರಿಗೆ ಮೊದಲೇ ತಿಳಿಯದು. ಕೆಲಸ ತಂದವರನ್ನೇ ಕೇಳೋಣವೆಂದರೆ, ಚಿಕ್ಕದೆಂದು ಹೇಳಿದವರಿಗೆ ಮೊದಲ ಸರದಿ ಸಿಕ್ಕುವುದಾದ್ದರಿಂದ ಎಲ್ಲರೂ ತಮ್ಮದು ಚಿಕ್ಕದೆಂದೇ ಹೇಳಬಹುದು.

ಅಮೆರಿಕದ ಮೆಸಾಚುಸೆಟ್ಸ್ ತಾಂತ್ರಿಕ ಸಂಸ್ಥೆಯಲ್ಲಿ ಫರ್ನಾಂಡೊ ಕೊರ್ಬಾಟೊ ಮತ್ತು ಸಂಗಡಿಗರು ಈ ತೊಡಕಿಗೆ ಒಂದು ಜಾಣ ಪರಿಹಾರವನ್ನು ಕಂಡುಕೊಂಡರು. ಒಂದೇ ಕಂಪ್ಯೂಟರನ್ನು ಹಲವರು ಏಕಕಾಲದಲ್ಲಿ ಬಳಸಲು ಸಾಧ್ಯವಾಗುವ ವ್ಯವಸ್ಥೆಯೊಂದನ್ನು ಅವರು 1961ರಲ್ಲಿ ಪ್ರದರ್ಶಿಸಿ, 1962ರಲ್ಲಿ ಅದರ ವಿವರಗಳನ್ನು ಪ್ರಕಟಿಸಿದರು. ಅವರ ಯುಕ್ತಿಯ ತಿರುಳು ಇಷ್ಟು: ಕೆಲಸದ ಉದ್ದವನ್ನು ಕೇಳುವುದು ಬೇಡ, ಸ್ವಲ್ಪ ಹೊತ್ತು ನಡೆಸಿ ನೋಡೋಣ. ಒಂದೇ ಸಾಲಿನ ಬದಲು ಒಂದರ ಕೆಳಗೊಂದರಂತೆ ಹಲವು ಸಾಲುಗಳಿರುತ್ತವೆ. ಮೇಲಿನ ಸಾಲಿನಲ್ಲಿರುವ ಕೆಲಸಕ್ಕೆ ಸಣ್ಣದೊಂದು ಸರದಿ ಸಿಕ್ಕುತ್ತದೆ. ಅಷ್ಟರಲ್ಲಿ ಮುಗಿದರೆ ಸರಿ. ಮುಗಿಯದಿದ್ದರೆ ಅದು ಚಿಕ್ಕ ಕೆಲಸವಲ್ಲವೆಂದು ತಿಳಿದು, ಕೆಳಗಿನ ಸಾಲಿಗೆ ಇಳಿಯುತ್ತದೆ. ಅಲ್ಲಿ ಸರದಿಯ ಅವಧಿ ಇಮ್ಮಡಿ. ಆದರೆ ಮೇಲಿನ ಸಾಲು ಬರಿದಾದಾಗ ಮಾತ್ರ ಕೆಳಗಿನದಕ್ಕೆ ಅವಕಾಶ.

ಸರದಿಗಳು 1, 2, 4, 8 ಸೆಕೆಂಡುಗಳೆಂದು ಇಟ್ಟುಕೊಂಡರೆ, ಒಂದು ಸೆಕೆಂಡಿನ ಕೆಲಸ ಮೊದಲ ಸರದಿಯಲ್ಲಿಯೇ ಮುಗಿದುಹೋಗುತ್ತದೆ. ಏಳು ಸೆಕೆಂಡಿನದು 1, 2, 4 ಎಂದು ಮೂರು ಸಾಲುಗಳನ್ನು ಇಳಿದು ಮುಗಿಯುತ್ತದೆ. ಅವಧಿಯನ್ನು ಇಮ್ಮಡಿಸುವುದಕ್ಕೂ ಕಾರಣವಿದೆ. ಒಂದು ಕೆಲಸವನ್ನು ಯಂತ್ರದ ಸ್ಮರಣೆಯಿಂದ ಹೊರಗೆ ತೆಗೆದು ಮತ್ತೊಂದನ್ನು ತುಂಬಲು ವೇಳೆ ಬೇಕು. ದೊಡ್ಡ ಕೆಲಸವನ್ನು ಸಣ್ಣ ಸಣ್ಣ ತುಣುಕುಗಳಾಗಿಯೇ ನಡೆಸಿದರೆ ಈ ತುಂಬುವ ತೆಗೆಯುವ ಕೆಲಸದಲ್ಲಿಯೇ ಯಂತ್ರದ ವೇಳೆ ಸವೆದುಹೋಗುವುದು.

ಇನ್ನು ಈ ನಿಯಮದ ಕಠಿಣವಾದ ಮುಖವನ್ನು ನೋಡಬೇಕು. ಗಿರಣಿಗೆ ಮೂರು ನಿಮಿಷಕ್ಕೊಬ್ಬರಂತೆ ಮೂರು ಮೂರು ನಿಮಿಷದ ರಾಗಿ ತರುತ್ತಿದ್ದಾರೆಂದು ಭಾವಿಸೋಣ. ಒಬ್ಬರದು ಮುಗಿಯುವ ಹೊತ್ತಿಗೆ ಮತ್ತೊಬ್ಬರು ಬಾಗಿಲಲ್ಲಿರುತ್ತಾರೆ. ಅವರ ಕೆಲಸ ಚಿಕ್ಕದು, ಆದ್ದರಿಂದ ಅವರದೇ ಮೊದಲು. ಮದುವೆಯ ಮನೆಯ ಮೂಟೆಗೆ ಸರದಿ ಬರುವುದೇ ಇಲ್ಲ. ನಾಲ್ಕು ನಿಮಿಷಕ್ಕೊಬ್ಬರು ಬಂದರೆ ನಡುವೆ ಒಂದು ನಿಮಿಷ ಯಂತ್ರ ಬಿಡುವಾಗಿ, ಮೂಟೆಯನ್ನು ಹಾಕಲು ಎಡೆ ಸಿಕ್ಕುತ್ತದೆ. ಎಂದರೆ, ಯಂತ್ರದ ವೇಳೆಯನ್ನು ಚಿಕ್ಕ ಕೆಲಸಗಳೇ ತುಂಬಿಬಿಡುವಂತಾದಾಗ ದೊಡ್ಡ ಕೆಲಸ ಉಪವಾಸ ಬೀಳುತ್ತದೆ. ದಿನಕ್ಕೆ ನೂರು ಮಂದಿ ಬಂದು ಹೋದರೆ ಸರಾಸರಿಯಲ್ಲಿ ಈ ಒಬ್ಬರ ಸಂಕಟ ಮರೆಯಾಗಿಬಿಡುತ್ತದೆ. ಇನ್ನೂ ಮುಗಿಯದ ಕೆಲಸವನ್ನು ಲೆಕ್ಕಕ್ಕೆ ಹಿಡಿಯದಿದ್ದರಂತೂ ಅದು ಕಾಣಿಸುವುದೇ ಇಲ್ಲ. ಆದುದರಿಂದ ಸರಾಸರಿಯ ಜೊತೆಗೆ, ಈಗ ನಿಂತಿರುವವರಲ್ಲಿ ಎಲ್ಲರಿಗಿಂತ ಹೆಚ್ಚು ಕಾದವರು ಎಷ್ಟು ಹೊತ್ತು ಕಾದಿದ್ದಾರೆ ಎಂಬುದನ್ನೂ ನೋಡುತ್ತಿರಬೇಕು.

ಪರಿಹಾರವಿಲ್ಲದೆ ಇಲ್ಲ. ಕಾದ ವೇಳೆಗೂ ಬೆಲೆ ಕೊಡುವುದು ಒಂದು ಉಪಾಯ. ಕಾದ ವೇಳೆಯನ್ನೂ ಕೆಲಸದ ವೇಳೆಯನ್ನೂ ಕೂಡಿಸಿ, ಕೆಲಸದ ವೇಳೆಯಿಂದ ಭಾಗಿಸಬೇಕು. ಯಾರ ಭಾಗಲಬ್ಧ ಹೆಚ್ಚೋ ಅವರಿಗೆ ಸರದಿ. 24 ನಿಮಿಷದ ಮೂಟೆ 48 ನಿಮಿಷ ಕಾದಿದ್ದರೆ, 72ನ್ನು 24ರಿಂದ ಭಾಗಿಸಿದಾಗ 3 ಬರುತ್ತದೆ. ಮೂರು ನಿಮಿಷದ ರಾಗಿ ಆರೇ ನಿಮಿಷ ಕಾದರೆ ಅದಕ್ಕೂ 3 ಬರುತ್ತದೆ. ಆಗತಾನೆ ಬಂದವರದು ಎಷ್ಟೇ ಚಿಕ್ಕದಾದರೂ ಭಾಗಲಬ್ಧ 1 ಮಾತ್ರ. ಚಿಕ್ಕ ಕೆಲಸ ಬೇಗ ಮೇಲೇರುತ್ತದೆ. ದೊಡ್ಡದು ನಿಧಾನವಾಗಿ ಏರಿದರೂ ಏರದೆ ಇರುವುದಿಲ್ಲ. ಇದರಿಂದ ಸರಾಸರಿ ತುಸು ಹೆಚ್ಚಬಹುದು. ಅದು ಯಾರನ್ನೂ ಉಪವಾಸ ಕೆಡವದಿರುವುದಕ್ಕಾಗಿ ನಾವು ತೆರುವ ಬೆಲೆ.

ಗಿರಣಿಯ ಆ ಐವರ ಸಾಲಿನಲ್ಲಿ ನಾಲ್ವರಿಗೆ ಉಳಿದದ್ದು ಒಟ್ಟು 109 ನಿಮಿಷ. ಅದಕ್ಕಾಗಿ ಮೊದಲು ಬಂದವರೊಬ್ಬರು 21 ನಿಮಿಷ ಕಾದರು. ಇಂಥ ವಿನಿಮಯದಲ್ಲಿ ಒಟ್ಟು ಲಾಭ ಎಷ್ಟೆಂದು ಗಣಿತ ಹೇಳಬಲ್ಲುದು. ಆ ಒಬ್ಬರನ್ನು ಎಷ್ಟು ಹೊತ್ತಿನವರೆಗೆ ಕಾಯಿಸಬಹುದೆಂಬ ಮಿತಿಯನ್ನು ಮಾತ್ರ ಸಾಲನ್ನು ನಡೆಸುವವರೇ ಮೊದಲು ಗೊತ್ತುಮಾಡಿಕೊಂಡು, ಅನಂತರ ಚಿಕ್ಕ ಕೆಲಸಕ್ಕೆ ಮೊದಲ ಸರದಿಯನ್ನು ಕೊಡಬೇಕು.