ಒಟಿಪಿ ಎಲ್ಲಿ ಸಿಕ್ಕಿಕೊಂಡಿತು?

ಬ್ಯಾಂಕಿನ ಒಟಿಪಿ ಬರಲಿಲ್ಲವೆಂದು ಮತ್ತೆ ಮತ್ತೆ ಕೇಳಬೇಡಿ. ಹೊಸದು ಹೊರಟೊಡನೆ ಹಳೆಯದು ಸಾಮಾನ್ಯವಾಗಿ ರದ್ದಾಗುತ್ತದೆ. ಮೊದಲು ಮನೆಯವರ ಫೋನಿನಿಂದ ನಿಮಗೊಂದು ಸಾದಾ ಎಸ್ಸೆಮ್ಮೆಸ್ ಕಳಿಸಲು ಹೇಳಿ. ವಾಟ್ಸಾಪ್ ಬೇಡ, ಅದು ಇಂಟರ್ನೆಟ್ಟಿನ ದಾರಿ.

ಎಸ್ಸೆಮ್ಮೆಸ್ಸೂ ಬರದಿದ್ದರೆ ಸಿಗ್ನಲ್, ರೀಚಾರ್ಜ್ ನೋಡಿ. ಸಿಮ್ ಈಗಷ್ಟೇ ಬದಲಿಸಿದ್ದೀರಾ? ವಂಚನೆ ತಡೆಯಲೆಂದು ನಮ್ಮಲ್ಲಿ 24 ಗಂಟೆ ಎಸ್ಸೆಮ್ಮೆಸ್ ನಿಲ್ಲಿಸುತ್ತಾರೆ, ಕಾಯದೆ ವಿಧಿಯಿಲ್ಲ.

ಸಾದಾ ಸಂದೇಶ ಬಂತೇ? ಹಾಗಾದರೆ ಸ್ಪ್ಯಾಮ್ ಮತ್ತು ಬ್ಲಾಕ್ ಪಟ್ಟಿ ತೆರೆಯಿರಿ. ಅಲ್ಲೂ ಇಲ್ಲದಿದ್ದರೆ, ಒಟಿಪಿ ಕಳಿಸಿದ್ದೇವೆಂದು ಪರದೆ ತೋರಿಸುವ ನಂಬರಿನ ಕೊನೆಯ ಅಂಕಿಗಳನ್ನು ಓದಿ. ನಮ್ಮತ್ತೆಯ ಖಾತೆಯಲ್ಲಿ ಇದ್ದದ್ದು ಎಂದೋ ಬಿಟ್ಟ ನಂಬರು!

ನಂಬರೂ ಸರಿಯಿದ್ದರೆ, ಸಂದೇಶದ ಒಕ್ಕಣೆ ನೋಂದಾಯಿತ ಮಾದರಿಗೆ ಹೊಂದದೆ ಮೊಬೈಲ್ ಕಂಪನಿಯೇ ತಡೆದಿರಬಹುದು. ಅದನ್ನು ಬ್ಯಾಂಕಿನವರೇ ಸರಿಪಡಿಸಬೇಕು.